ಗಂಗಣ್ಣ ಓದಿ ಸಹಿ ಹಾಕಿದ ಅರ್ಜಿ

ರಜೆ ಅನ್ನುವುದು ಸೋಮಾರಿಗಳು ಕಂಡುಹಿಡಿದ ಕಾಯಿಲೆ ಎಂದು ಮಾದಾಪುರದ ಗಂಗಣ್ಣ ಮೂವತ್ತೊಂದು ವರ್ಷದಿಂದ ನಂಬಿದ್ದ. ಕಾಫಿ ಎಸ್ಟೇಟಿನ ರೈಟರ್ ಆದ್ದರಿಂದ ಅವನು ನಂಬಿದ್ದೇ ಅಲ್ಲಿ ಕಾನೂನು. ಬೆಳಿಗ್ಗೆ ಏಳೂವರೆಗೆ ಗೋಡೌನ್ ಮುಂದೆ ನಿಂತು ನಲವತ್ತು ಜನರ ಹೆಸರು ಕೂಗುವುದು, ಬಂದವರಿಗೆ ನೀಲಿ ಗೀಟು, ಬಾರದವರಿಗೆ ಕೆಂಪು ಗೀಟು ಎಳೆಯುವುದು, ಆಮೇಲೆ ಯಾರು ಕಳೆ ತೆಗೆಯಬೇಕು, ಯಾರು ಚರಂಡಿ ಬಿಡಿಸಬೇಕು ಎಂದು ಹಂಚುವುದು ಅವನ ಕೆಲಸ. ಯಾರಾದರೂ "ರೈಟ್ರೇ, ಹೊಟ್ಟೆನೋವು" ಅಂದರೆ "ಎಲ್ಲಿ, ತೋರ್ಸು" ಅನ್ನುತ್ತಿದ್ದ. ಹೊಟ್ಟೆನೋವನ್ನು ಹೇಗೆ ತೋರಿಸುವುದೆಂದು ತಿಳಿಯದೆ ಎಷ್ಟೋ ಜನ ಕೆಲಸಕ್ಕೆ ಹೋಗಿ, ಸಾಯಂಕಾಲದ ಹೊತ್ತಿಗೆ ವಾಸಿಯೂ ಆಗಿಬಿಟ್ಟಿದ್ದರು. ಮಾದಾಪುರಕ್ಕೆ ತಾನು ಮಾಡಿದ ವೈದ್ಯಸೇವೆ ಇದು ಎಂದು ಗಂಗಣ್ಣ ಹೇಳಿಕೊಳ್ಳುತ್ತಿದ್ದ.

ಅವನ ಹೆಸರಿನ ಮುಂದೆ ಮಾತ್ರ ಕೆಂಪು ಗೀಟು ಬಿದ್ದದ್ದಿಲ್ಲ. ಮದುವೆಯ ದಿನವೂ ಹಾಜರಿ ಮುಗಿಸಿಯೇ ಹಸೆಮಣೆ ಏರಿದ್ದ. "ಇವ್ರು ತಾಳಿ ಕಟ್ಟುವಾಗ್ಲೂ ನನ್ನ ಹೆಸರು ಕೂಗಿ, ನಾನು ಬಂದಿದೀನಿ ಅಂದ್ಮೇಲೇನೇ ಕಟ್ಟಿದ್ದು" ಎಂದು ಹೆಂಡತಿ ಶಿವಮ್ಮ ಕಂಡಕಂಡವರ ಹತ್ತಿರ ಹೇಳುತ್ತಿದ್ದಳು. ಅದು ಸುಳ್ಳು. ಆದರೆ ಕೇಳಿದವರು ಯಾರೂ ಅನುಮಾನ ಪಡಲಿಲ್ಲ.

ಇಂಥ ಗಂಗಣ್ಣನಿಗೆ ಕಣ್ಣು ಹೋಗತೊಡಗಿತು.

ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು. ಅದಕ್ಕೂ ಅವನು ರಜೆ ಕೊಟ್ಟಿರಲಿಲ್ಲ, ಗಮನವನ್ನೂ ಕೊಟ್ಟಿರಲಿಲ್ಲ. ಮಳೆಗಾಲದ ಮೊದಲ ವಾರ ಎಡಗಣ್ಣಿನೊಳಗೆ ಕಪ್ಪು ಎಳೆಗಳು ತೇಲಾಡಿದವು. ಹದಿನೈದು ದಿನದಲ್ಲಿ ಯಾರೋ ಕಂಬಳಿ ಇಳಿಬಿಟ್ಟ ಹಾಗಾಯಿತು. ಕುಶಾಲನಗರದ ಆಚೆ ಒಂದು ಸ್ವಾಯತ್ತ ಕಾಲೇಜಿನ ಹಾಸ್ಟೆಲಿನಲ್ಲಿದ್ದುಕೊಂಡು ಬಿಎಸ್ಸಿ ಓದುತ್ತಿದ್ದ ಒಬ್ಬಳೇ ಮಗಳು ಸುಧಾ, ಅಪ್ಪನನ್ನು ಹಿಡಿದೆಳೆದುಕೊಂಡು ಮೈಸೂರಿನ ಕಣ್ಣಾಸ್ಪತ್ರೆಗೆ ಹೋದಳು. ಅಲ್ಲಿನ ಡಾಕ್ಟರು ಮುಚ್ಚುಮರೆ ಮಾಡಲಿಲ್ಲ. ಎಡಗಣ್ಣಿನಲ್ಲಿ ರಕ್ತ ಸೋರಿ ಒಳಪರದೆ ಕಿತ್ತು ಬರುತ್ತಿದೆ, ಆಪರೇಷನ್ ಮಾಡಿ ಒಳಗೆ ಎಣ್ಣೆ ತುಂಬಬೇಕು, ಆಮೇಲೆ ಹತ್ತು ದಿನ ಕವುಚಿ ಮಲಗಬೇಕು, ನಾಲ್ಕು ಬಗೆಯ ಡ್ರಾಪ್ಸನ್ನು ಗಂಟೆ ನೋಡಿ ಹಾಕಬೇಕು, ಬಲಗಣ್ಣಿಗೆ ತಿಂಗಳಿಗೊಂದು ಇಂಜೆಕ್ಷನ್, ನಾಲ್ಕನೆಯ ತಿಂಗಳು ಆ ಎಣ್ಣೆ ತೆಗೆಯಲು ಇನ್ನೊಂದು ಆಪರೇಷನ್. "ನಾಲ್ಕೈದು ತಿಂಗಳು ಓದುಬರಹ ಬಲ್ಲವರೊಬ್ಬರು ಜೊತೆಗೇ ಇರಬೇಕು. ತಡ ಮಾಡಿದರೆ ಆಮೇಲೆ ನಾನೂ ಏನೂ ಮಾಡಕ್ಕಾಗಲ್ಲ" ಅಂದರು.

ಗಂಗಣ್ಣ ಮನೆಗೆ ಬಂದು ಇದನ್ನೆಲ್ಲ ಸಂಕ್ಷೇಪಿಸಿ ಹೆಂಡತಿಗೆ ಹೇಳಿದ: "ಡಾಕ್ಟ್ರು ಎಣ್ಣೆ ಹಾಕ್ಬೇಕು ಅಂದ್ರು."

"ಹರಳೆಣ್ಣೆ ಮನೇಲೇ ಐತಲ್ಲ" ಅಂದಳು ಶಿವಮ್ಮ.

ಶಿವಮ್ಮನನ್ನು ಜೊತೆಗೆ ಕಳಿಸುವ ಹಾಗಿರಲಿಲ್ಲ. ಅವಳಿಗೆ ಅಕ್ಷರ ಬಾರದು. ಅದಕ್ಕಿಂತ ಹೆಚ್ಚಾಗಿ, ಬಸ್ಸಿನ ಎರಡನೆಯ ತಿರುವಿಗೇ ವಾಂತಿ ಶುರು. ಒಮ್ಮೆ ಗಂಡನನ್ನು ತೋರಿಸಲು ಮಡಿಕೇರಿಗೆ ಕರೆದುಕೊಂಡು ಹೋದವಳನ್ನು ನರ್ಸುಗಳು ಮಂಚದ ಮೇಲೆ ಮಲಗಿಸಿ ಗ್ಲೂಕೋಸ್ ಹಾಕಿ, ಗಂಗಣ್ಣನನ್ನು "ಪೇಷಂಟ್ ಕಡೆಯವ್ರು ಹೊರಗಿರಿ" ಎಂದು ಕಳಿಸಿದ್ದರು.

ಇನ್ನು ಗುಟ್ಟಿನ ಮಾತು. "ಎಡಗಣ್ಣು ಒಂಚೂರು ಮಂಜು, ಬಲಗಣ್ಣು ಫಸ್ಟ್‌ಕ್ಲಾಸ್" ಎಂದು ಗಂಗಣ್ಣ ಮಗಳಿಗೂ ಹೇಳಿದ್ದ. ಮೈಸೂರಿನಿಂದ ಬಂದ ಮೇಲೆ ಬಲಗಣ್ಣಿಗೂ ಅಕ್ಷರ ಹತ್ತುತ್ತಿರಲಿಲ್ಲ. ಎದುರಿಗೆ ನಿಂತವರ ಮುಖ ಹಬೆಯಾಡುವ ಗಂಜಿಯ ಹಾಗೆ ಕಾಣುತ್ತಿತ್ತು. ಹಾಜರಿಯನ್ನು ಬಾಯಿಪಾಠದಿಂದ ಕೂಗುತ್ತಿದ್ದ, ದನಿ ಕೇಳಿದ ಕಡೆ ಅಂದಾಜಿನಲ್ಲಿ ಗೀಟು ಎಳೆಯುತ್ತಿದ್ದ. ಒಂದು ವಾರ ಬೊಮ್ಮ ಎಂಬ ಆಳಿಗೆ ಭಾನುವಾರವೂ ಹಾಜರಿ ಬಿತ್ತು. ಕಣ್ಣಿಲ್ಲದ ರೈಟರನ್ನು ಯಾವ ಸಾಹುಕಾರ ಇಟ್ಟುಕೊಳ್ಳುತ್ತಾನೆ? ಆ ಭಯಕ್ಕೆ ಗಂಗಣ್ಣ ಬಾಯಿ ಬಿಡಲಿಲ್ಲ. ಆಪರೇಷನ್ನಿನ ಮಾತು ಬಂದರೆ "ಪಿಕಿಂಗ್ ಮುಗೀಲಿ, ನೋಡೋಣ" ಅನ್ನುತ್ತಿದ್ದ. ಕಾಫಿ ಹಣ್ಣಿನ ಕೊಯ್ಲು, ಅಂದರೆ ಪಿಕಿಂಗ್, ಮುಗಿಯುವುದು ಫೆಬ್ರವರಿಗೆ. ಆಗಿನ್ನೂ ಆಗಸ್ಟ್.

ಸುಧಾ ಅಪ್ಪನ ಮಗಳೇ. ಹಟದಲ್ಲಿ ಒಂದು ಗೇಣು ಹೆಚ್ಚು. ಒಂದು ಶನಿವಾರ ಮನೆಗೆ ಬಂದವಳೇ ಎರಡು ಹಾಳೆ ತಂದು ಅವನ ಮುಂದಿಟ್ಟಳು. "ಅಪ್ಪ, ಪೂರ್ತಿ ಓದಿ. ಆಮೇಲೆ ಇಷ್ಟ ಇದ್ರೆ ಸೈನ್ ಹಾಕಿ. ಒತ್ತಾಯ ಇಲ್ಲ" ಅಂದಳು.

ಯಾವುದೋ ಸ್ಕಾಲರ್‌ಶಿಪ್ ಇರಬೇಕು ಅಂದುಕೊಂಡ ಗಂಗಣ್ಣ. ಏನಿದು ಎಂದು ಕೇಳಿದರೆ ಓದಲಾಗುವುದಿಲ್ಲ ಎಂಬುದು ಹೊರಬೀಳುತ್ತದೆ. ಕನ್ನಡಕ ಒರೆಸಿದ. ಹಾಳೆಯನ್ನು ದೂರ ಹಿಡಿದ, ಹತ್ತಿರ ಹಿಡಿದ. ಒಂದು ಪುಟ ಓದಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ತಲೆಯನ್ನು ಎಡದಿಂದ ಬಲಕ್ಕೆ ಆಡಿಸಿದ. ನಡುವೆ ಎರಡು ಸಲ "ಹೂಂ" ಅಂದ. "ಅಕ್ಷರ ದುಂಡಗೈತೆ. ಮೂರನೇ ಸಾಲಲ್ಲಿ ಒಂದು ಕಾಮಾ ಬಿಟ್ಟಿದೀಯ" ಎಂದು ಸಹಿ ಜಡಿದ.

ಸುಧಾ ಅಪ್ಪನ ಕೈ ಹಿಡಿದುಕೊಂಡು ಅತ್ತುಬಿಟ್ಟಳು. ಕಾಮಾ ಬಿಟ್ಟಿದ್ದಕ್ಕೆ ಇಷ್ಟೊಂದು ಅಳುವುದೇ ಎಂದು ಗಂಗಣ್ಣನಿಗೆ ಆಶ್ಚರ್ಯವಾಯಿತು.

ಅವನು ಸಹಿ ಹಾಕಿದ್ದು ಸುಧಾ ಡೀನ್ ಅವರಿಗೆ ಬರೆದ ಅರ್ಜಿಗೆ ಮತ್ತು ಪೋಷಕರ ಒಪ್ಪಿಗೆ ಪತ್ರಕ್ಕೆ. ಅವಳು ಐದನೆಯ ಸೆಮಿಸ್ಟರ್ ಪೂರ್ತಿ ರಜೆ ಕೇಳಿದ್ದಳು. ಆ ಹುಡುಗಿ ಪಟ್ಟ ಪಾಡು ಅವನಿಗೆ ತಿಳಿದದ್ದು ಆಮೇಲೆ, ನಾನು ಈಗಲೇ ಹೇಳಿಬಿಡುತ್ತೇನೆ. ಸೆಮಿಸ್ಟರ್ ಶುರುವಾದ ಮೂವತ್ತು ದಿನದೊಳಗೆ ಅರ್ಜಿ ಕೊಡಬೇಕು, ಪೋಷಕರ ಒಪ್ಪಿಗೆ ಖಾತ್ರಿಯಾಗಿ ಆದೇಶವೂ ಅಷ್ಟರೊಳಗೇ ಆಗಬೇಕು. ಅರ್ಜಿ ನೇರ ಡೀನ್ ಮೇಜಿಗೆ ಹೋಗುವುದಿಲ್ಲ. ಮೊದಲು ಮೆಂಟರ್, ಆಮೇಲೆ ವಿಭಾಗದ ಮುಖ್ಯಸ್ಥರು "ಶಿಫಾರಸು ಮಾಡಿದೆ" ಎಂದು ಬರೆಯಬೇಕು. ಜೊತೆಗೆ ಚಿಕಿತ್ಸೆ ಕೊಡುತ್ತಿರುವ ಡಾಕ್ಟರ ಪತ್ರ. ಅದರಲ್ಲಿ ಕಾಯಿಲೆ ಏನು, ಎಷ್ಟು ತಿಂಗಳು, ಜೊತೆಗೆ ಒಬ್ಬರು ಇರಲೇಬೇಕೇ ಎಂಬುದು ಸ್ಪಷ್ಟವಾಗಿರಬೇಕು. ರೋಗಿ ಅಪ್ಪನೇ ಎನ್ನಲು ರೇಷನ್ ಕಾರ್ಡ್. ಲೈಬ್ರರಿ, ಲ್ಯಾಬ್, ಹಾಸ್ಟೆಲ್ ಮೂರೂ ಕಡೆಯಿಂದ ಬಾಕಿ ಇಲ್ಲ ಎಂಬ ಚೀಟಿ. ಲ್ಯಾಬಿನವರು ಎರಡು ವರ್ಷದ ಹಿಂದೆ ಒಡೆದ ಒಂದು ಗಾಜಿನ ನಳಿಗೆಯನ್ನು ನೆನಪಿಟ್ಟುಕೊಂಡು ಹೊಸದು ತರಿಸಿಕೊಂಡರು.

ಡೀನ್ ಆಫೀಸಿನ ಸೂಪರಿಂಟೆಂಡೆಂಟ್ ಅನಿಲ್‌ಕುಮಾರ್ ನಿಯಮಕ್ಕೆ ಕೈಕಾಲು ಬಂದ ಹಾಗಿದ್ದ ಮನುಷ್ಯ. ಆದರೂ ಮರುಕದಿಂದಲೇ ಒಂದು ದಾರಿ ತೋರಿಸಿದ. "ನೋಡಮ್ಮ, ಎಪ್ಪತ್ತೈದು ಪರ್ಸೆಂಟ್ ಹಾಜರಿ ಬೇಕು. ವಿದ್ಯಾರ್ಥಿಗೇ ಕಾಯಿಲೆ ಆದ್ರೆ ಅದ್ರಲ್ಲಿ ಹತ್ತು ಪರ್ಸೆಂಟ್ ವಿನಾಯಿತಿ ಉಂಟು. ನಿಂಗೇ ಟೈಫಾಯ್ಡು ಅಂತ ಒಂದು ಸರ್ಟಿಫಿಕೇಟ್ ತಂದುಬಿಡು, ಸುಲಭ."

"ಹತ್ತು ಪರ್ಸೆಂಟಲ್ಲಿ ನಾಲ್ಕೈದು ತಿಂಗ್ಳು ಆಗಲ್ಲ ಸಾರ್. ಮತ್ತೆ ನಂಗೆ ಟೈಫಾಯ್ಡ್ ಇಲ್ಲ. ಕಾಯಿಲೆ ಇರೋದು ನಮ್ಮಪ್ಪನಿಗೆ, ನಿಜವಾಗ್ಲೂ ಇದೆ, ಅದನ್ನೇ ಬರೆದಿದೀನಿ."

"ನಿಜವಾದ ಕಾಯಿಲೆಗೆ ತುಂಬ ಕಾಗದ ಬೇಕಾಗ್ತದಮ್ಮ" ಎಂದು ಅನಿಲ್‌ಕುಮಾರ್ ನಿಟ್ಟುಸಿರು ಬಿಟ್ಟು ಅರ್ಜಿ ತೆಗೆದುಕೊಂಡ. ನಿಯಮದಲ್ಲಿ ಇನ್ನೊಂದು ಕಲಮು ಇತ್ತು. ಡೀನ್ ಮಂಜೂರು ಮಾಡುವ ಮೊದಲು ಆಫೀಸಿನಿಂದ ಪೋಷಕರಿಗೆ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಬೇಕು.

ಆ ಫೋನು ಬುಧವಾರ ಬೆಳಿಗ್ಗೆ ಬಂತು. ಸರಿಯಾಗಿ ಹಾಜರಿಯ ಹೊತ್ತಿಗೇ ಬಂತು. ಅನಿಲ್‌ಕುಮಾರ್ ಶಿಸ್ತಿನ ಮನುಷ್ಯ, ಆಫೀಸಿಗೆ ಹೊರಡುವ ಮುಂಚೆಯೇ ಕೆಲಸ ಶುರು ಮಾಡುತ್ತಿದ್ದ. ಗಂಗಣ್ಣನಿಗೆ ಫೋನಿನ ಪರದೆ ಕಾಣದು. ಹೆಬ್ಬೆರಳನ್ನು ಎಲ್ಲೆಲ್ಲೋ ಒತ್ತಿದ. ಸ್ಪೀಕರ್ ಆನ್ ಆಯಿತು. ಮಳೆಗೆ ತಲೆಯ ಮೇಲಿಂದ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ನಿಂತಿದ್ದ ನಲವತ್ತು ಜನರ ಕಿವಿ ನೆಟ್ಟಗಾಯಿತು.

"ಗಂಗಣ್ಣ ಅವ್ರಾ? ಕಾಲೇಜಿಂದ ಮಾತಾಡ್ತಿರೋದು, ಡೀನ್ ಆಫೀಸು. ನಿಮ್ಮ ಮಗಳು ಸುಧಾ ಒಂದು ಸೆಮಿಸ್ಟರ್ ರಜೆ ಕೇಳಿದಾರೆ. ನಿಮಗೆ ಕಣ್ಣು ಕಾಣ್ತಿಲ್ಲ, ನೋಡ್ಕೊಳ್ಳೋಕೆ ಯಾರೂ ಇಲ್ಲ ಅಂತ ಬರೆದಿದಾರೆ. ಹೌದಾ?"

ಮಳೆ ಕೂಡ ಒಂದು ಗಳಿಗೆ ನಿಂತ ಹಾಗಾಯಿತು.

"ಯಾರ್ರೀ ಹೇಳಿದ್ದು ಅದನ್ನ?" ಗಂಗಣ್ಣ ಗುಡುಗಿದ. "ನನ್ನ ಕಣ್ಣಿಗೇನಾಗೈತೆ? ಮುಂದೆ ನಲ್ವತ್ತು ಜನ ನಿಂತವ್ರೆ. ಒಬ್ಬೊಬ್ಬರ ಮೂಗು ಬಾಯಿ ಲೆಕ್ಕ ಕೊಡ್ಲಾ?"

"ಬೇಡ ಬೇಡ. ರಜೆಗೆ ನಿಮ್ಮ ಒಪ್ಪಿಗೆ ಇದೆಯಾ?"

"ರಜೇನಾ? ನಮ್ಮ ವಂಶದಲ್ಲೇ ಯಾರೂ ರಜೆ ತಗೊಂಡಿಲ್ಲ!"

"ಹಾಗಾದ್ರೆ ಒಪ್ಪಿಗೆ ಪತ್ರದಲ್ಲಿ ನಿಮ್ಮ ಸಹಿ ಇದೆಯಲ್ಲ ಯಜಮಾನ್ರೇ?"

ಗಂಗಣ್ಣನಿಗೆ ಶನಿವಾರದ ಹಾಳೆಗಳು ನೆನಪಾದವು. ಆದರೆ ನಲವತ್ತು ಜನರ ಮುಂದೆ ಹಿಂದೆ ಸರಿಯುವುದುಂಟೇ? "ಸಹಿ ನಂದೇ ಇರ್ಬಹುದು, ರಜೆ ನಂದಲ್ಲ!" ಎಂದು ಕೂಗಿ, ಫೋನ್ ಆರಿಸಲು ಬಾರದೆ ಜೇಬಿಗೆ ಹಾಕಿಕೊಂಡ. ಜೇಬಿನೊಳಗಿಂದ ಅನಿಲ್‌ಕುಮಾರ್ ಇನ್ನೂ ಸ್ವಲ್ಪ ಹೊತ್ತು "ಹಲೋ, ಹಲೋ" ಅನ್ನುತ್ತಿದ್ದ.

ಅನಿಲ್‌ಕುಮಾರ್ ಕಡತದಲ್ಲಿ ಬರೆದ: "ಪೋಷಕರು ಕಾಯಿಲೆಯನ್ನೂ ಒಪ್ಪಿಗೆಯನ್ನೂ ನಿರಾಕರಿಸಿದ್ದಾರೆ. ವೈದ್ಯರ ಪತ್ರದ ಸಾಚಾತನ ಸಂಶಯಾಸ್ಪದ."

ಊರಿನವರು ಕಡತಕ್ಕೆ ಕಾಯುವವರಲ್ಲ. ಹತ್ತು ಗಂಟೆಗೆ ಮಾದಾಪುರದ ಹೋಟೆಲಿನಲ್ಲಿ "ರೈಟರ ಮಗಳು ಕಾಲೇಜು ಬಿಟ್ಟಳಂತೆ" ಎಂದಾಯಿತು. ಮಧ್ಯಾಹ್ನದ ಬಸ್ಸು ಸುಂಟಿಕೊಪ್ಪ ಮುಟ್ಟುವಷ್ಟರಲ್ಲಿ "ಅಪ್ಪನಿಗೆ ಕಣ್ಣಿಲ್ಲ ಅಂತ ಸುಳ್ಳು ಹೇಳಿ ಬಿಟ್ಟಳಂತೆ, ಯಾರೋ ಹುಡುಗ ಇರಬೇಕು" ಎಂದಾಯಿತು. ಸಂಜೆಗೆ ಹುಡುಗನಿಗೆ ಒಂದು ಬೈಕೂ ಬಂತು. ಮರುದಿನ ಬೆಳಿಗ್ಗೆ ಗಂಗಣ್ಣನ ತಂಗಿ ವಿಶಾಲಾಕ್ಷಮ್ಮ ಶನಿವಾರಸಂತೆಯಿಂದ ಮೊದಲ ಬಸ್ಸಿಗೇ ಬಂದಿಳಿದಳು. ಕೊಡೆ ಮಡಿಸುವ ಮುಂಚೆಯೇ ಬಾಯಿ ಬಿಚ್ಚಿದಳು.

"ಅಣ್ಣ, ನಿನ್ನ ಮರ್ಯಾದೆ ಬಸ್ಸಲ್ಲಿ ಮಾರಾಟ ಆಯ್ತಾ ಐತೆ. ಓದೋ ಹುಡುಗಿ ಓದು ಬಿಡ್ತೀನಿ ಅಂದ್ರೆ ಇನ್ನೇನು, ತಾಳಿ ಕಟ್ಸಿಬಿಡು. ನಾನು ಗಂಡು ನೋಡ್ಕೊಂಡೇ ಬಂದಿದೀನಿ. ಧರ್ಮೇಶ ಅಂತ. ಹಾಸನದ ಕಡೆಯೋರು, ಕುಶಾಲನಗರದ ಹತ್ರ ಶುಂಠಿ ಬೆಳೀತಾರೆ. ನೋಡು ಫೋಟೋ" ಎಂದು ತನ್ನ ಫೋನನ್ನು ಅಣ್ಣನ ಮೂಗಿನ ಹತ್ತಿರ ಹಿಡಿದಳು.

ಗಂಗಣ್ಣ ಗಂಭೀರವಾಗಿ ನೋಡಿದ. ಏನೋ ಕೆಂಪಗೆ, ದೊಡ್ಡದಾಗಿ ಕಂಡಿತು. "ಗಟ್ಟಿಮುಟ್ಟಾಗವ್ನೆ. ಬಣ್ಣ ಒಂಚೂರು ಹೆಚ್ಚು" ಅಂದ.

"ಅದು ಅವ್ರ ಟ್ರಾಕ್ಟರು ಕಣಣ್ಣ. ಹುಡುಗ ಮುಂದಿನ ಫೋಟೋದಲ್ಲವ್ನೆ."

"ನಾನೂ ಟ್ರಾಕ್ಟರನ್ನೇ ಹೇಳಿದ್ದು. ಮೊದ್ಲು ಆಸ್ತಿ ನೋಡ್ಬೇಕು."

ವಿಶಾಲಾಕ್ಷಮ್ಮ ಅಣ್ಣನ ವ್ಯವಹಾರಜ್ಞಾನಕ್ಕೆ ಮೆಚ್ಚಿ ತಲೆದೂಗಿದಳು. ಶಿವಮ್ಮ ಮಾತ್ರ ಗಂಡನ ಮುಖವನ್ನೇ ನೋಡುತ್ತ ರೊಟ್ಟಿ ತಟ್ಟುವುದನ್ನು ನಿಲ್ಲಿಸಿದ್ದಳು.

ಅದೇ ಹೊತ್ತಿಗೆ ಸುಧಾ ಒದ್ದೆಮುದ್ದೆಯಾಗಿ ಒಳಗೆ ಬಂದಳು. ಕೈಯಲ್ಲಿ ನೋಟಿಸು. ಸುಳ್ಳು ದಾಖಲೆ ಕೊಟ್ಟ ಬಗ್ಗೆ ವಿವರಣೆ ಕೊಡಬೇಕು, ಶುಕ್ರವಾರ ಸಂಜೆ ಐದರೊಳಗೆ ತಂದೆಯವರನ್ನು ಡೀನ್ ಮುಂದೆ ಕರೆತರಬೇಕು, ತಪ್ಪಿದರೆ ಅರ್ಜಿ ವಜಾ, ವಿಷಯ ಶಿಸ್ತು ಸಮಿತಿಗೆ. ಶುಕ್ರವಾರವೇ ಮೂವತ್ತನೆಯ ದಿನ. ಅದು ಕಳೆದರೆ ರಜೆ ಎಂಬುದೇ ಇಲ್ಲ. ಆಮೇಲೆ ಕ್ಲಾಸಿಗೆ ಹೋಗದಿದ್ದರೆ ಹಾಜರಿ ಕೊರತೆ ಎಂದು ಪರೀಕ್ಷೆಗೆ ಬಿಡುವುದಿಲ್ಲ, ಹೋದರೆ ಅಪ್ಪನ ಕಣ್ಣು ಹೋಗುತ್ತದೆ.

"ಅಪ್ಪ, ನೀವು ಓದೇ ಸೈನ್ ಹಾಕಿದ್ರಲ್ಲ" ಅಂದಳು ಸುಧಾ. "ಕಾಮಾ ಬಿಟ್ಟಿದ್ದು ಸಹ ಹೇಳಿದ್ರಿ. ನಾನು ಏನೇನು ಬರೆದಿದ್ದೆ ಅದ್ರಲ್ಲಿ! ಅಷ್ಟನ್ನ ಓದಿ, ಒಪ್ಪಿ, ಆಮೇಲೆ ಅವ್ರ ಹತ್ರ ಇಲ್ಲ ಅಂದ್ರಾ?"

ಓದಿರಲಿಲ್ಲ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆ ಒಂದು ಮಾತು ಗಂಗಣ್ಣನ ಗಂಟಲಿನವರೆಗೆ ಬಂದು, ತಂಗಿಯ ಬಳೆ ಸದ್ದು ಕೇಳಿ ವಾಪಸು ಹೋಯಿತು. "ಓದಿದ್ದೆ. ಆಮೇಲೆ ಮನಸ್ಸು ಬದ್ಲಾಯ್ತು" ಅಂದ.

ಸುಧಾ ನೋಟಿಸನ್ನು ಮಡಚಿದಳು. ಅವಳ ಮುಖ ಅವನಿಗೆ ಕಾಣಲಿಲ್ಲ. ಕಾಣದಿದ್ದದ್ದು ಒಳ್ಳೆಯದೇ ಆಯಿತು ಎಂದು ಆ ಗಳಿಗೆಯಲ್ಲಿ ಅವನಿಗೆ ಅನ್ನಿಸಿತು.

"ನೋಡವ್ವ, ಅಪ್ಪಂಗೂ ಓದು ಬೇಡ ಅನ್ಸೈತೆ. ಧರ್ಮೇಶನ ಫೋಟೋ ನೋಡು" ಅಂದಳು ವಿಶಾಲಾಕ್ಷಮ್ಮ.

"ಅತ್ತೆ, ಆ ಟ್ರಾಕ್ಟರಿಗೆ ನೀವೇ ಹಾರ ಹಾಕಿ" ಎಂದಳು ಸುಧಾ. "ನಾನು ಕಾಲೇಜು ಬಿಡ್ತಿಲ್ಲ. ರಜೆ ಬೇರೆ, ಬಿಡೋದು ಬೇರೆ. ರಜೆ ತಗೊಂಡ್ರೆ ನನ್ನ ಸೀಟು ಹಾಗೇ ಇರತ್ತೆ. ಜನವರಿಗೆ ಹೋಗಿ ಆರನೇ ಸೆಮಿಸ್ಟರ್ ಓದ್ತೀನಿ, ಬಿಟ್ಟ ಐದನೇದನ್ನ ಮುಂದಿನ ವರ್ಷ ಜೂನಿಯರ್ಸ್ ಜೊತೆ ಕೂತು ಓದ್ತೀನಿ. ಅಪ್ಪ ಬಂದ್ರೂ ಸರಿ, ಬರ್ದೇ ಇದ್ರೂ ಸರಿ, ನಾಳೆ ಡೀನ್ ಮುಂದೆ ನಾನು ನಿಂತ್ಕೋತೀನಿ. ನಾನು ಸುಳ್ಳು ಬರ್ದಿಲ್ಲ."

ಗಂಗಣ್ಣ ಎದ್ದು ನಿಂತ. "ಬರ್ತೀನಿ ನಡಿ. ಡೀನ್ ಅಂದ್ರೇನು, ಅವ್ರೂ ಹಾಜರಿ ತಗೊಳ್ಳೋರೇ ತಾನೇ? ಮೂವತ್ತೊಂದು ವರ್ಷ ಆ ಕೆಲ್ಸ ಮಾಡಿದೀನಿ, ಹೇಗೆ ಮಾತಾಡ್ಬೇಕು ಅಂತ ಗೊತ್ತು."

ಶುಕ್ರವಾರ ಹಾಜರಿ ಹಾಕಿ, ಕೆಲಸ ಹಂಚಿಯೇ ಮಧ್ಯಾಹ್ನದ ಬಸ್ಸಿಗೆ ಹೊರಟ. ಸುಂಟಿಕೊಪ್ಪದಲ್ಲಿ ಬಸ್ಸು ಬದಲಿಸುವಾಗ ಸುಧಾ ಕೈ ಹಿಡಿಯಲು ಬಂದರೆ ಕೊಸರಿಕೊಂಡ. ದಾರಿಯುದ್ದಕ್ಕೂ ಅವನ ತಲೆಯಲ್ಲಿ ಒಂದು ಉಪಾಯ ಬೇಯುತ್ತಿತ್ತು. ಡಾಕ್ಟರ ಪತ್ರ ನಿಜ ಅನ್ನಬೇಕು, ಆಗ ಮಗಳು ಉಳಿಯುತ್ತಾಳೆ. ತನಗೆ ಕಣ್ಣು ಚೆನ್ನಾಗಿ ಕಾಣುತ್ತದೆ ಎಂದೂ ಅನ್ನಬೇಕು, ಆಗ ತಾನು ಉಳಿಯುತ್ತೇನೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದರೆ ಯಾರಿಗೂ ಗೊತ್ತಾಗಲಿಕ್ಕಿಲ್ಲ.

ಡೀನ್ ಕೋಣೆಗೆ ಕಾಲಿಟ್ಟವನೇ ಎದೆ ಸೆಟೆಸಿ, ಮೂಲೆಯಲ್ಲಿ ನೇತುಹಾಕಿದ್ದ ಮಳೆಕೋಟಿಗೆ "ನಮಸ್ಕಾರ ಸಾರ್" ಅಂದ.

"ಸಾಹೇಬ್ರು ಈ ಕಡೆ ಇದಾರೆ" ಅಂದ ಅನಿಲ್‌ಕುಮಾರ್.

"ಗೊತ್ತು ಕಣ್ರೀ. ಮಳೆಗಾಲದಲ್ಲಿ ಮೊದ್ಲು ಕೋಟಿಗೆ ನಮಸ್ಕಾರ ಮಾಡೋದು ನಮ್ಮ ಕಡೆ ಪದ್ಧತಿ."

ಡೀನ್ ತೀರ್ಥಪ್ರಸಾದ್ ನಿಧಾನವಾಗಿ ಮಾತಾಡುವ ಹಿರಿಯರು. ಅವರು ನಗಲಿಲ್ಲ. "ಕೂತ್ಕೊಳ್ಳಿ. ನೋಡಿ ಗಂಗಣ್ಣನವರೇ, ಮನೆಯವರ ಕಾಯಿಲೆ ಅಂತ ರಜೆ ಕೊಡಲಿಕ್ಕೆ ನಿಯಮದಲ್ಲಿ ಅವಕಾಶ ಇದೆ. ಆದರೆ ಇಂಥ ಅರ್ಜಿ ಕೊಟ್ಟು ಬೇರೆ ಕಡೆ ಕೆಲಸಕ್ಕೆ ಸೇರಿದವರನ್ನೂ ನಾನು ನೋಡಿದೀನಿ. ಅದಕ್ಕೇ ಪೋಷಕರನ್ನ ಕೇಳೋದು. ಡಾಕ್ಟರ ಪತ್ರ ನಿಜವಾ?"

"ನೂರಕ್ಕೆ ನೂರು ನಿಜ ಸಾರ್. ಮೊಹರು ಐತೆ."

"ಅಂದ್ರೆ ನಿಮಗೆ ಕಣ್ಣು ಕಾಣೋದಿಲ್ಲ."

"ಚೆನ್ನಾಗಿ ಕಾಣ್ತದೆ ಸಾರ್. ಆಕಾಶದಲ್ಲಿ ಹದ್ದು ಹಾರಿದ್ರೆ ಗಂಡೋ ಹೆಣ್ಣೋ ಹೇಳ್ತೀನಿ."

ಅನಿಲ್‌ಕುಮಾರ್ ಪೆನ್ನು ಎತ್ತಿ, ಎರಡರಲ್ಲಿ ಯಾವುದನ್ನು ಬರೆಯಬೇಕೆಂದು ತಿಳಿಯದೆ ಇಳಿಸಿದ.

"ಒಪ್ಪಿಗೆ ಪತ್ರ ಓದಿ ಸಹಿ ಮಾಡಿದ್ರಾ?" ಎಂದು ಡೀನ್ ಕೇಳಿದರು.

"ಓದದೆ ಸಹಿ ಮಾಡೋ ಜಾತಿ ಅಲ್ಲ ನಾನು."

ಡೀನ್ ಕಡತದಿಂದ ಒಂದು ಹಾಳೆ ತೆಗೆದು ಅವನ ಕೈಗೆ ಕೊಟ್ಟರು. "ಹಾಗಾದ್ರೆ ಒಂದ್ಸಲ ಜೋರಾಗಿ ಓದಿ. ನಿಮ್ಮ ಬಾಯಿಂದಲೇ ಕೇಳೋಣ."

ಗಂಗಣ್ಣ ಹಾಳೆಯನ್ನು ದೂರ ಹಿಡಿದ, ಹತ್ತಿರ ಹಿಡಿದ. ಮೂವತ್ತೊಂದು ವರ್ಷ ಎಷ್ಟು ರಜೆ ಅರ್ಜಿಗಳನ್ನು ಓದಿ ಹರಿದುಹಾಕಿಲ್ಲ ಅವನು? ಗಂಟಲು ಸರಿಮಾಡಿಕೊಂಡು ರಾಗವಾಗಿ ಶುರುಮಾಡಿದ. "ಗೆ, ಮಾನ್ಯ ಡೀನ್ ಸಾಹೇಬರು. ಇಂದ, ಗಂಗಣ್ಣ, ರೈಟರು, ಮಾದಾಪುರ. ಮಾನ್ಯರೇ, ಈ ಮೂಲಕ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನನ್ನ ಮಗಳಾದ ಕುಮಾರಿ ಸುಧಾಳಿಗೆ ಅನಿವಾರ್ಯ ಕಾರಣಗಳಿಂದ ರಜೆಯ ಅವಶ್ಯಕತೆ ಇರುವುದರಿಂದ, ತಾವು ದಯಮಾಡಿ..."

"ಅಪ್ಪ" ಅಂದಳು ಸುಧಾ.

"ತಡಿಯವ್ವ, ಇನ್ನೂ ಎರಡು ಸಾಲೈತೆ. ತಾವು ದಯಮಾಡಿ ಮಂಜೂರು ಮಾಡಬೇಕಾಗಿ..."

"ಅಪ್ಪ, ಅದ್ರಲ್ಲಿ ಏನೂ ಬರ್ದಿಲ್ಲ. ಖಾಲಿ ಹಾಳೆ ಅದು."

ಗಂಗಣ್ಣನ ಬಾಯಿ ತೆರೆದಂತೆಯೇ ಇತ್ತು. ಹಾಳೆಯನ್ನು ಮೆಲ್ಲಗೆ ತಿರುಗಿಸಿದ. ಆ ಕಡೆಯೂ ಖಾಲಿ. ಅವನಿಗೆ ಎರಡೂ ಕಡೆ ಒಂದೇ ಥರ ಬೆಳ್ಳಗಿತ್ತು.

"ಅವತ್ತೂ ಓದಿರ್ಲಿಲ್ಲ ಅಲ್ವಾ ನೀವು?" ಸುಧಾಳ ದನಿ ಒಡೆದಿತ್ತು. "ನಾನು ಎರಡು ದಿನದಿಂದ ಏನಂದ್ಕೊಂಡಿದ್ದೆ ಗೊತ್ತಾ? ಅಪ್ಪ ಎಲ್ಲಾನೂ ಓದಿ ನನ್ನ ಕೈಬಿಟ್ರು ಅಂದ್ಕೊಂಡಿದ್ದೆ. ಬಲಗಣ್ಣೂ ಹೋಗಿದೆ ಅಂತ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಓದು ಬಿಟ್ಟು ಬಂದು ಕೂತ್ಕೋತಿದ್ದೆ ಕಣವ್ವ" ಅಂದ ಗಂಗಣ್ಣ. ಖಾಲಿ ಹಾಳೆಯನ್ನು ಮೇಜಿನ ಮೇಲಿಟ್ಟು, "ಅದೂ ಸುಳ್ಳು. ನಂಗೆ ನಾಚಿಕೆ ಆಯ್ತು. ಭಯ ಆಯ್ತು" ಅಂದ.

ಅನಿಲ್‌ಕುಮಾರನ ಪೆನ್ನು ಹಾಳೆಯ ಮೇಲೆ ಗೀಚುವ ಸದ್ದು ಕೇಳಿಸಿತು. ಗಂಗಣ್ಣನಿಗೆ ಎಲ್ಲಿತ್ತೋ ರೋಷ, ಆ ಸದ್ದಿನ ಕಡೆ ತಿರುಗಿ ಮೇಜು ಗುದ್ದಿದ. "ಬರ್ಕೊಳ್ರೀ! ಚೆನ್ನಾಗಿ ಬರ್ಕೊಳ್ಳಿ! ಮಾದಾಪುರದ ಗಂಗಣ್ಣಂಗೆ ಎರಡೂ ಕಣ್ಣು ಕಾಣಲ್ಲ. ಎರಡು ತಿಂಗಳಿಂದ ಅಂದಾಜಲ್ಲಿ ಹಾಜರಿ ಹಾಕ್ತಾವ್ನೆ. ಸುಳ್ಳು ಹೇಳಿದೋನು ಅಪ್ಪ, ಮಗಳಲ್ಲ. ಶಿಸ್ತು ಸಮಿತಿಗೆ ಕಳಿಸ್ಬೇಕು ಅಂದ್ರೆ ನನ್ನ ಕಳ್ಸಿ. ನನ್ನ ಮಗಳ ಹೆಸರಿನ ಮುಂದೆ ಒಂದು ಕೆಂಪು ಗೀಟು ಬಿದ್ರೆ ನಾನು ಈ ಕುರ್ಚಿ ಬಿಟ್ಟು ಏಳಾಕಿಲ್ಲ!"

"ಏಳ್ಬೇಡಿ, ಕೂತಿರಿ, ಕಾಫಿ ಬರ್ತದೆ" ಅಂದರು ಡೀನ್. "ಅನಿಲ್, ನೋಟಿಸ್ ವಾಪಸ್ ತಗೊಳ್ಳಿ. ಅರ್ಜಿ ಕೊಡಿ ಇಲ್ಲಿ."

ಅನಿಲ್‌ಕುಮಾರ್ ಕೆಮ್ಮಿದ. "ಸಾರ್, ಒಂದು ತೊಂದರೆ. ಪೋಷಕರು ಓದದೆ ಸಹಿ ಹಾಕಿದ್ದು ಅಂತ ಈಗ ನಮ್ಮ ಮುಂದೇನೇ ಒಪ್ಕೊಂಡ್ರು. ಓದದೆ ಕೊಟ್ಟ ಒಪ್ಪಿಗೆ ಒಪ್ಪಿಗೆ ಅಲ್ಲ. ಆ ಪತ್ರ ನಡಿಯೋದಿಲ್ಲ." ಗೋಡೆ ಗಡಿಯಾರ ನೋಡಿ, "ನಾಲ್ಕೂಕಾಲು" ಎಂದು ಸೇರಿಸಿದ.

ಸುಧಾ ಅವನನ್ನು ಸುಡುವ ಹಾಗೆ ನೋಡಿದಳು. ಆದರೆ ಅನಿಲ್‌ಕುಮಾರ್ ಆಗಲೇ ಹೊಸ ನಮೂನೆಯ ಹಾಳೆ ತೆಗೆದು ಕೆಳಗಡೆ ಬರೆಯುತ್ತಿದ್ದ: "ಪೋಷಕರಿಗೆ ದೃಷ್ಟಿ ತೊಂದರೆ ಇರುವುದರಿಂದ ಸದರಿ ಅರ್ಜಿಯನ್ನು ಅವರಿಗೆ ಓದಿ ಹೇಳಲಾಗಿದ್ದು, ತಿಳಿದು ಒಪ್ಪಿ ಸಹಿ ಮಾಡಿರುತ್ತಾರೆ. ಸಾಕ್ಷಿ, ಅನಿಲ್‌ಕುಮಾರ್." ಬರೆದು ಮುಗಿಸಿ ಸುಧಾಳ ಮುಂದೆ ಅವಳ ಅರ್ಜಿ ತಳ್ಳಿದ. "ಓದಮ್ಮ, ಜೋರಾಗಿ. ನಿಯಮ ಅಂದ್ಮೇಲೆ ಪೂರ್ತಿ ಓದ್ಬೇಕು."

ಸುಧಾ ಓದಿದಳು. ಐದನೆಯ ಸೆಮಿಸ್ಟರಿನ ರಜೆ ಕೋರಿ ಎಂದು ಶುರುವಾಯಿತು. "ನನ್ನ ತಂದೆಯವರು ನನ್ನನ್ನು ಒಂದು ದಿನವೂ ಶಾಲೆ ತಪ್ಪಿಸಿದವರಲ್ಲ. ಜ್ವರ ಬಂದಾಗ ಹೆಗಲ ಮೇಲೆ ಹೊತ್ತು ತಂದು ತರಗತಿಯಲ್ಲಿ ಕೂರಿಸಿದ್ದಾರೆ. ಈಗ ಅವರು ಹತ್ತು ದಿನ ಕವುಚಿ ಮಲಗಬೇಕು. ಹೊತ್ತು ಹೊತ್ತಿಗೆ ಔಷಧಿ ಹಾಕಲು ಕೈ ಬೇಕು. ತಾಯಿಯವರಿಗೆ ಓದಲು ಬಾರದು, ಪ್ರಯಾಣ ಆಗದು. ನಾನು ಒಬ್ಬಳೇ ಮಗಳು. ಸೆಮಿಸ್ಟರ್ ಮತ್ತೆ ಬರುತ್ತದೆ, ನನ್ನ ತಂದೆಯ ಕಣ್ಣು ಮತ್ತೆ ಬರುವುದಿಲ್ಲ. ತಂದೆಯವರು ಅಸಹಾಯಕರಾಗಿದ್ದು..."

"ನಿಲ್ಸು" ಅಂದ ಗಂಗಣ್ಣ. ಅವನ ಕನ್ನಡಕದ ಕೆಳಗೆ ಕೆನ್ನೆ ಒದ್ದೆಯಾಗಿತ್ತು. "ಅಸಹಾಯಕ ಅನ್ನೋದನ್ನ ಹೊಡೆದುಹಾಕು. ಮಿಕ್ಕಿದ್ದಕ್ಕೆ ಒಪ್ಪಿಗೆ."

ಹೊಡೆದುಹಾಕಿದ ಪದದ ಪಕ್ಕದಲ್ಲಿ ಸುಧಾ ಚಿಕ್ಕ ಸಹಿ ಹಾಕಿದಳು. ಗಂಗಣ್ಣನ ಬೆರಳನ್ನು ಹಿಡಿದು ಒಪ್ಪಿಗೆಯ ಜಾಗದ ಮೇಲಿಟ್ಟಳು. ಈ ಸಲ ಅವನು ಕೊಸರಿಕೊಳ್ಳಲಿಲ್ಲ. ಡೀನ್ ಬರೆಯುತ್ತ ಬರೆಯುತ್ತ ಷರತ್ತುಗಳನ್ನು ಹೇಳಿದರು. ಹಾಸ್ಟೆಲ್ ಕೋಣೆ ಖಾಲಿ ಮಾಡಬೇಕು, ಈ ಸೆಮಿಸ್ಟರಿನ ಪರೀಕ್ಷೆ ಇಂಟರ್ನಲ್ಸ್ ಯಾವುದೂ ಇಲ್ಲ, ಅಂಕಪಟ್ಟಿಯಲ್ಲಿ ಫೇಲ್ ಅಂತ ಬರುವುದಿಲ್ಲ, ಅನುಮತಿ ಪಡೆದ ರಜೆ ಅಂತ ಬರುತ್ತದೆ, ಡಿಗ್ರಿ ಮುಗಿಸಲು ಇರುವ ಗರಿಷ್ಠ ಆರು ವರ್ಷದೊಳಗೇ ಇದೂ ಸೇರುತ್ತದೆ. ಆಮೇಲೆ ತಲೆ ಎತ್ತಿದರು. "ಜನವರಿಯಲ್ಲಿ ತರಗತಿ ಶುರುವಾಗುವ ಹತ್ತು ದಿನ ಮುಂಚೆ ಬಂದು, ವಾಪಸ್ ಸೇರ್ತೀನಿ ಅಂತ ಬರೆದುಕೊಡಬೇಕು. ಬರದಿದ್ರೆ ಸೀಟು ಹೋಗ್ತದೆ. ಹುಡುಗಿಯರ ವಿಷಯದಲ್ಲಿ ಬಹಳ ಸಲ ಹಾಗೇ ಆಗ್ತದೆ ಗಂಗಣ್ಣನವರೇ. ರಜೆ ಅಂತ ಹೋದವರಿಗೆ ಮದುವೆ ಆಗಿಬಿಡ್ತದೆ."

"ನನ್ನ ತಂಗಿ ಒಂದು ಟ್ರಾಕ್ಟರ್ ನೋಡವ್ಳೆ ಸಾರ್. ಅದು ಹೊಲದಲ್ಲೇ ಇರ್ತದೆ. ಇವ್ಳು ಇಲ್ಲಿಗೆ ಬರ್ತಾಳೆ. ನಾನೇ ಕರ್ಕೊಂಡ್ ಬಂದು ಬಿಡ್ತೀನಿ. ಕಣ್ಣು ಬಂದಿದ್ರೂ ಬಿಡ್ತೀನಿ, ಬರ್ದಿದ್ರೂ ಬಿಡ್ತೀನಿ."

ಡೀನ್ "ಮಂಜೂರು" ಎಂದು ಬರೆದು ಸಹಿ ಹಾಕಿದರು. ಅನಿಲ್‌ಕುಮಾರ್ ಮೊಹರು ಒತ್ತಿ, ಪಕ್ಕದಲ್ಲಿ ಸಮಯವನ್ನೂ ಬರೆದ, ನಾಲ್ಕು ಐವತ್ತೆರಡು.

ಸುಧಾ ಎದ್ದಳು. ಗಂಗಣ್ಣ ಏಳಲಿಲ್ಲ. "ಅನಿಲ್‌ಕುಮಾರ್ ಅವ್ರೇ, ಇನ್ನೊಂದು ಹಾಳೆ ಕೊಡ್ರಿ. ಖಾಲೀದೇ ಕೊಡಿ" ಅಂದ. "ಸುಧಾ, ಕೂತ್ಕೋ. ನಾನು ಹೇಳ್ತೀನಿ, ನೀನು ಬರಿ."

"ಯಾರಿಗಪ್ಪ?"

"ನಮ್ಮ ಸಾಹುಕಾರ್ರಿಗೆ. ಬರಿ. ಮಾನ್ಯರೇ, ನನಗೆ ಎರಡೂ ಕಣ್ಣು ಕಾಣುತ್ತಿಲ್ಲ. ನನ್ನ ಮಗಳು ನನಗೋಸ್ಕರ ಕಾಲೇಜಿಗೆ ರಜೆ ಹಾಕಿದ್ದಾಳೆ. ಆದ್ದರಿಂದ ನಾನೂ ನಾಳೆಯಿಂದ ಆರು ತಿಂಗಳು ರಜೆಯಲ್ಲಿರುತ್ತೇನೆ. ತಾವು ಕೊಟ್ಟರೂ ತೆಗೆದುಕೊಳ್ಳುತ್ತೇನೆ, ಕೊಡದಿದ್ದರೂ ತೆಗೆದುಕೊಳ್ಳುತ್ತೇನೆ."

"ಅಪ್ಪ, ರಜೆ ಅರ್ಜೀಲಿ ಹಾಗೆಲ್ಲ ಬರಿಯೋಕಾಗಲ್ಲ."

"ಬರಿಯವ್ವ, ಬರಿ. ಈ ಸಲ ಓದಿಸ್ಕೊಂಡೇ ಸೈನ್ ಹಾಕ್ತೀನಿ."